ಅಕ್ಷರಕ್ಕೆ ಜಾಗ ಬಿಟ್ಟ ಚಿತ್ರ

'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ 1982ರ ಫೆಬ್ರುವರಿ ಸಂಚಿಕೆಯ ಮುಖಪುಟದಲ್ಲಿ ಗೀಜಾದ ಪಿರಮಿಡ್ಡುಗಳಿದ್ದವು. ಗಾರ್ಡನ್ ಗಾಹನ್ ತೆಗೆದ ಆ ಚಿತ್ರದಲ್ಲಿ ಮುಂದೆ ಒಂಟೆ ಸವಾರರು, ಹಿಂದೆ ಪಿರಮಿಡ್ಡುಗಳು. ತೊಡಕು ಒಂದೇ: ಚಿತ್ರ ಅಡ್ಡಕ್ಕಿತ್ತು, ಮುಖಪುಟ ಉದ್ದಕ್ಕಿತ್ತು. ಫೋಟೊಶಾಪ್ ಇನ್ನೂ ಹುಟ್ಟಿರದ ಕಾಲ ಅದು. ಪತ್ರಿಕೆಯವರು ಸೈಟೆಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದು ಪಿರಮಿಡ್ಡನ್ನು ಇನ್ನೊಂದರ ಹತ್ತಿರಕ್ಕೆ ಸರಿಸಿ ಚಿತ್ರವನ್ನು ಚೌಕಟ್ಟಿಗೆ ಹೊಂದಿಸಿದರು. ಸುದ್ದಿ ಹೊರಬಿದ್ದಾಗ ಟೀಕೆಗಳು ಬಂದವು. ಮಾಡಿದ್ದು ತಪ್ಪೆಂದು ಪತ್ರಿಕೆಯೇ ಮುಂದೆ ಒಪ್ಪಿಕೊಂಡಿತು.

ಮುಖಪುಟದ ಚಿತ್ರವನ್ನು ಮುಖಪುಟಕ್ಕೆಂದೇ ತೆಗೆಯಬೇಕು ಅನ್ನುವುದು ಇದಕ್ಕೇ. ಎ4 ಅಳತೆಯ ಪತ್ರಿಕೆಯೊಂದು ಯಕ್ಷಗಾನ ವಿಶೇಷಾಂಕ ತರುತ್ತಿದೆ, ಮುಖಪುಟಕ್ಕೆ ಕಿರೀಟ ತೊಟ್ಟ ವೇಷಧಾರಿಯ ಚಿತ್ರ ಬೇಕು ಎಂದಿಟ್ಟುಕೊಳ್ಳಿ. ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ, 4000 ಎತ್ತರ. ಅಡ್ಡ ಹಿಡಿದು ತೆಗೆದರೆ ಅದರಿಂದ ಮುಖಪುಟದ ಆಕಾರಕ್ಕೆ ಕತ್ತರಿಸಿಕೊಳ್ಳಬಹುದಾದ ಅಗಲ ಸುಮಾರು 2850 ಪಿಕ್ಸೆಲ್ ಮಾತ್ರ; ಅರ್ಧಕ್ಕಿಂತ ಹೆಚ್ಚು ಚಿತ್ರ ಕಸಕ್ಕೆ. ಉದ್ದ ಹಿಡಿದರೆ ಮೇಲೆ ಕೆಳಗೆ ಒಂದಿಷ್ಟು ಅಂಚು ಹೋಗುತ್ತದೆ, ಅಷ್ಟೆ.

ಉದ್ದ ಹಿಡಿದರೂ ಮುಖವನ್ನೇ ತುಂಬಿಸಿ ತೆಗೆದರೆ ಕೆಲಸ ಕೆಡುತ್ತದೆ. ಕಿರೀಟದ ತುದಿ ಚೌಕಟ್ಟಿನ ಮೇಲಂಚಿಗೆ ತಾಗಿದರೆ ಪತ್ರಿಕೆಯ ಹೆಸರು ಕಿರೀಟದ ಮೇಲೆಯೇ ಬರಬೇಕು. ಮಿನುಗುವ ಚೂರುಗಳ ಮೇಲೆ ಯಾವ ಬಣ್ಣದ ಅಕ್ಷರವೂ ನಿಲ್ಲದು: ಒಂದು ಗೆರೆ ಹೊಳಪಿನಲ್ಲಿ ಕರಗಿದರೆ ಇನ್ನೊಂದು ನೆರಳಿನಲ್ಲಿ ಮುಳುಗುತ್ತದೆ. ಛಾಯಾಗ್ರಾಹಕ ನಾಲ್ಕು ಹೆಜ್ಜೆ ಹಿಂದೆ ಸರಿದು, ಮೇಲಿನ ಕಾಲು ಭಾಗದಲ್ಲಿ ಕಪ್ಪು ಪರದೆಯಷ್ಟೇ ಕಾಣುವಂತೆ ಮಾಡಬೇಕು. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಹಲವು ಸಲ ಕಾಣುವುದು ಈ ಮೇಲಿನ ಪಟ್ಟಿಯೊಂದೇ. ವೇಷಧಾರಿ ಸ್ವಲ್ಪ ಬಲಕ್ಕೆ ನಿಂತು ಎಡಕ್ಕೆ ನೋಡುತ್ತಿದ್ದರೆ, ಅವನ ನೋಟ ಹೋಗುವ ಕಡೆಯ ಖಾಲಿ ಜಾಗದಲ್ಲಿ ಒಳಗಿನ ಲೇಖನಗಳನ್ನು ಸಾರುವ ಸಾಲುಗಳು ಕೂರುತ್ತವೆ. ಓದುಗನ ಕಣ್ಣೂ ಆ ನೋಟದ ಜೊತೆಗೇ ಅಲ್ಲಿಗೆ ಹೋಗುತ್ತದೆ.

ಕಿರೀಟದ ತುದಿ ಹೆಸರಿನ ಒಂದು ಅಕ್ಷರವನ್ನು ತುಸು ಮರೆಮಾಡಿದರೆ ಚಿತ್ರಕ್ಕೆ ಆಳ ಬರುತ್ತದೆ. ಹಳೆಯ ಪತ್ರಿಕೆಗಳು ಇದನ್ನು ಧೈರ್ಯವಾಗಿ ಮಾಡುತ್ತವೆ, ಓದುಗರಿಗೆ ಅವುಗಳ ಹೆಸರಿನ ಆಕಾರವೇ ಪರಿಚಿತ. ಆದರೆ ಕನ್ನಡದಲ್ಲಿ ಯಾವ ಭಾಗ ಮರೆಯಾಗುತ್ತದೆ ಎಂದು ನೋಡಿಕೊಳ್ಳಬೇಕು. 'ಧ'ದ ಕೆಳಗಿನ ಸೀಳು ಮುಚ್ಚಿದರೆ ಅದು 'ದ' ಆಗುತ್ತದೆ. ಹೊಸ ಪತ್ರಿಕೆಗೆ ಈ ಆಟ ಬೇಡ.

ಸಾಲುಗಳ ನಡುವಿನ ಅಂತರಕ್ಕೂ ನಮ್ಮ ಲಿಪಿಯದೇ ಲೆಕ್ಕವಿದೆ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. 'ರಾಷ್ಟ್ರ'ದಂಥ ಪದದಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ವಿನ್ಯಾಸದಲ್ಲಿ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರ 24 ಪಾಯಿಂಟ್ ಇದ್ದರೆ ಸಾಲಿಗೆ 34ರಿಂದ 36 ಪಾಯಿಂಟ್ ಕೊಡುವುದು ಒಳ್ಳೆಯದು. ಹೀಗೆ ಜಾಗ ಹೆಚ್ಚು ಬೇಕಾಗುವುದರಿಂದ ದೊಡ್ಡ ಸಾಲು ಒಂದು, ಚಿಕ್ಕವು ಎರಡೋ ಮೂರೋ ಇದ್ದರೆ ಸಾಕು.

ಇನ್ನು ಮುದ್ರಣ. ದಟ್ಟ ಕಪ್ಪು ಬರಲೆಂದು ಆ ಪರದೆಯನ್ನು ಕಪ್ಪಿನ ಜೊತೆ ಬೇರೆ ಬಣ್ಣಗಳನ್ನೂ ಸೇರಿಸಿ ಮುದ್ರಿಸುತ್ತಾರೆ. ಅದರೊಳಗಿನ ಬಿಳಿ ಅಕ್ಷರ ಎಂದರೆ ಶಾಯಿ ತಾಗದ ಕಾಗದ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಗೆರೆಗಳೊಳಗೆ ಬಣ್ಣ ನುಗ್ಗಿ, ಒತ್ತುಗಳು ಕಲಸಿಹೋಗುತ್ತವೆ. ಹಾಗಾಗಿ ಬಿಳಿ ಸಾಲುಗಳಿಗೆ ದಪ್ಪ ಅಕ್ಷರವೇ ಬೇಕು. ಕಟಿಂಗ್‌ನಲ್ಲಿ ಅಂಚು ಹೆಚ್ಚುಕಡಿಮೆ ಆಗುವುದರಿಂದ ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೊರಗೆ ಚಾಚಿ, ಅಕ್ಷರಗಳನ್ನು 8–10 ಮಿ.ಮೀ. ಒಳಗೆ ನಿಲ್ಲಿಸುತ್ತಾರೆ. ಬಾರ್‌ಕೋಡಿನ ಬಿಳಿ ಚೌಕಕ್ಕೂ ಕೆಳಗೊಂದು ಮೂಲೆಯನ್ನು ಮೊದಲೇ ಎತ್ತಿಡಬೇಕು. ಇಲ್ಲದಿದ್ದರೆ ಅದು ವೇಷಧಾರಿಯ ಕೈಮೇಲೆ ಬಂದು ಕೂರುತ್ತದೆ.

ಎಲ್ಲ ಮುಗಿದ ಮೇಲೆ ಪರದೆಯ ಮೇಲಿನ ಮುಖಪುಟವನ್ನು ಒಮ್ಮೆ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಬೇಕು. ಹಸಿರು ದಗಲೆಯ ಮೇಲಿನ ಕೆಂಪು ಅಕ್ಷರ ಬಣ್ಣದಲ್ಲಿ ಎದ್ದು ಕಾಣುತ್ತಿದ್ದರೂ ಇಲ್ಲಿ ಮಾಯವಾಗಬಹುದು, ಏಕೆಂದರೆ ಎರಡರ ಗಾಢತೆ ಒಂದೇ. ಅಂಥ ಸಾಲು ದೂರದಿಂದ ಓದಲು ಸಿಗದು. ಅಲ್ಲಿ ಹಳದಿ ಬೇಕು. ಒಂದು ಪ್ರತಿ ತೆಗೆದು ಗೋಡೆಗೆ ಅಂಟಿಸಿ, ಎರಡು ಮೂರು ಮೀಟರ್ ದೂರದಿಂದಲೂ ನೋಡಬೇಕು.

ಜಾಗವಿಲ್ಲದ ಚಿತ್ರವೇ ಸಿಕ್ಕಿದ್ದು, ಮತ್ತೆ ತೆಗೆಯುವ ಅವಕಾಶವೂ ಇಲ್ಲದಿದ್ದರೆ ಪರದೆಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸುವುದಕ್ಕಿಂತ ನೇರ ದಾರಿಯೊಂದಿದೆ. ಚಿತ್ರವನ್ನು ಇದ್ದಂತೆಯೇ ಚಿಕ್ಕದು ಮಾಡಿ ಚೌಕಟ್ಟಿನೊಳಗಿಟ್ಟು, ಹೆಸರಿಗೂ ಸಾಲುಗಳಿಗೂ ಒಂದೇ ಬಣ್ಣದ ಬೇರೆ ಪಟ್ಟಿ ಕೊಡುವುದು. ಮುಖಪುಟದ ಭರ್ಜರಿ ಸ್ವಲ್ಪ ಇಳಿಯುತ್ತದೆ, ಆದರೆ ಚಿತ್ರವೂ ಕೆಡದು, ಅಕ್ಷರವೂ ಕೆಡದು.