ಪುಟ್ಟ ಹಲಗೆಯಲ್ಲಿ ಮೊದಲ ಕಾಯಿ

ಗೋ ಆಟದ ದೊಡ್ಡ ಹಲಗೆಗೆ 19 ಗೆರೆ. ಅಲ್ಲಿ ಪಳಗಿದವರು ಮೊದಲು ಮೂಲೆ ಹಿಡಿಯುತ್ತಾರೆ, ಆಮೇಲೆ ಅಂಚಿಗೆ ಬರುತ್ತಾರೆ, ನಡುಭಾಗದ ಮಾತು ಕೊನೆಗೆ. ಮೂಲೆಯಲ್ಲಿ ಎರಡು ಕಡೆ ಹಲಗೆಯ ಅಂಚೇ ಬೇಲಿಯಾಗುವುದರಿಂದ ಕೆಲವೇ ಕಾಯಿಗಳಲ್ಲಿ ಜಾಗ ಸುತ್ತುವರಿಯಬಹುದು. ಆದರೆ ಅದೇ ಪಾಠವನ್ನು 9 ಗೆರೆಯ ಹಲಗೆಗೆ ತಂದು, ಮೂಲೆಯೊಳಗೆ ಎರಡನೇ ಗೆರೆಯ ಮೇಲೆ ಕಾಯಿ ಇಟ್ಟರೆ ಕೆಟ್ಟಿತು. ಎದುರಾಳಿ ಹೊರಗಿನಿಂದ ಅಮುಕಿ, ಉಳಿದ ಹಲಗೆಯನ್ನೆಲ್ಲ ತನ್ನದು ಮಾಡಿಕೊಳ್ಳುತ್ತಾನೆ.

ಇಲ್ಲಿ ನಿಜವಾದ ಜಗಳ ನಡುವಿನ ಗೆರೆಗೆ. ಲೆಕ್ಕ ಹಾಕಿ ನೋಡಿ. ಹಲಗೆಯಲ್ಲಿ ಗೆರೆಗಳು ಕೂಡುವ ಜಾಗ ಒಟ್ಟು 81. ಕಪ್ಪು ಐದನೇ ಗೆರೆಯುದ್ದಕ್ಕೂ ಗೋಡೆ ಕಟ್ಟಿತು, ಬಿಳಿ ಅದಕ್ಕೆ ಎದುರಾಗಿ ನಾಲ್ಕನೇ ಗೆರೆಯಲ್ಲಿ ಕಟ್ಟಿತು ಅನ್ನಿ. ಚೀನೀ ಪದ್ಧತಿಯಂತೆ ಕಾಯಿಯನ್ನೂ ಜಾಗವನ್ನೂ ಸೇರಿಸಿ ಎಣಿಸಿದರೆ ಕಪ್ಪಿಗೆ 45, ಬಿಳಿಗೆ 36. ಮೊದಲು ಆಡುವ ಕಪ್ಪಿಗಿರುವ ಅನುಕೂಲಕ್ಕೆ ಪ್ರತಿಯಾಗಿ ಬಿಳಿಗೆ ಕೊಡುವ 7 ಅಂಕ, ಅಂದರೆ ಕೊಮಿ, ಸೇರಿಸಿದರೂ ಕಪ್ಪು ಎರಡರಿಂದ ಗೆಲ್ಲುತ್ತದೆ. ನಡುಗೆರೆ ಬಿಳಿಯ ಪಾಲಾದರೆ ಅದೇ ಅಂಕಿ ತಿರುಗಿ ಬೀಳುತ್ತದೆ. ಅದಕ್ಕೇ ಕಪ್ಪಿನ ಮೊದಲ ಕಾಯಿ ಹಲಗೆಯ ನಟ್ಟನಡುವೆ, ಐದನೇ ಗೆರೆಗಳು ಕೂಡುವಲ್ಲಿ. ದೊಡ್ಡ ಹಲಗೆಯಲ್ಲಿ ನಡುವಿನಿಂದ ಮೂರನೇ ಗೆರೆಗೆ ಏಳು ಹೆಜ್ಜೆ, ಇಲ್ಲಿ ಎರಡೇ. ಒಂದು ಕಾಯಿಯ ನೆರಳು ನಾಲ್ಕೂ ಬದಿಗೆ ಬೀಳುತ್ತದೆ. (5 ಗೆರೆಯ ಹಲಗೆಯನ್ನು 2002ರಲ್ಲಿ ಕಂಪ್ಯೂಟರ್ ಪೂರ್ತಿ ಬಿಡಿಸಿತು: ನಡುವೆ ಇಟ್ಟ ಕಪ್ಪು ಇಡೀ ಹಲಗೆಯನ್ನೇ ಗೆಲ್ಲುತ್ತದೆ. 9 ಗೆರೆಯ ಹಲಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.)

ಬಿಳಿ ಸುಮ್ಮನಿರುತ್ತದೆಯೇ? ನಡುವಿನ ಕಾಯಿಗೆ ತಾಗಿಸಿ ಆಡಿದರೆ ಕಪ್ಪನ್ನೇ ಬಲಪಡಿಸಿದಂತಾಗುತ್ತದೆ. ಹಾಗಾಗಿ ತಿಳಿದವರು ಚೆಸ್‌ನ ಕುದುರೆ ನಡೆಯಷ್ಟು ದೂರ ಸರಿದು, ಎಡದಿಂದ ಮೂರನೇ, ಕೆಳಗಿನಿಂದ ನಾಲ್ಕನೇ ಗೆರೆಯಲ್ಲಿ ಇಡುತ್ತಾರೆ. ಅಲ್ಲಿಂದ ಎಡಭಾಗದಲ್ಲಿ ನೆಲೆಯೂ ಸಿಗುತ್ತದೆ, ನಡುಗೆರೆಯ ಮೇಲೆ ಕಣ್ಣೂ ಇರುತ್ತದೆ.

ಕಪ್ಪಿನ ನಿಜವಾದ ಅಪಾಯ ಆಮೇಲೆ ಬರುತ್ತದೆ. ನಡುವಿನ ಕಾಯಿ ಯಾವ ಮೂಲೆಯನ್ನೂ ಮುಚ್ಚಿಲ್ಲ. ಬಿಳಿ ಬಲಮೂಲೆಗೆ ನುಗ್ಗಿ ಆರು ಕಾಯಿ, ಎರಡು ಕಣ್ಣು, ಒಟ್ಟು ಎಂಟೇ ಜಾಗದಲ್ಲಿ ಬದುಕಿಕೊಂಡರೂ ಮೇಲಿನ ಲೆಕ್ಕ 37ಕ್ಕೆ 44 ಆಗುತ್ತದೆ, ಕೊಮಿಗೂ ಮೊದಲೇ ಕಪ್ಪು ಸೋತಿರುತ್ತದೆ. ಆದ್ದರಿಂದ ನುಗ್ಗಿದ ಕಾಯಿಯನ್ನು ಕೊಲ್ಲುವ ಧೈರ್ಯ ಇದ್ದವರಿಗೆ ಮಾತ್ರ ನಡುವಿನ ನಡೆ ಹೊಂದುತ್ತದೆ. ಇನ್ನೂ ಕಣ್ಣು ಕಟ್ಟುವುದನ್ನು ಕಲಿಯುತ್ತಿರುವವರು ಒಂದು ಹೆಜ್ಜೆ ಓರೆಯಾಗಿ ಇಳಿದು ನಾಲ್ಕನೇ ಗೆರೆಗಳು ಕೂಡುವಲ್ಲಿ ಇಡಲಿ ಎನ್ನುತ್ತೇನೆ. ನಡುವಿನ ಹಿಡಿತ ಸ್ವಲ್ಪ ಸಡಿಲವಾದರೂ ಒಂದು ಮೂಲೆಯಾದರೂ ಕೈಗೆಟಕುತ್ತದೆ, ಬಿಳಿ ನುಗ್ಗಿದಾಗ ಬೆನ್ನಿಗೆ ಆಸರೆ ಇರುತ್ತದೆ.