ನೀರು ಬೆರೆಸಿದ ಮಾತ್ರಕ್ಕೆ ಹುಳಿಯು ಸುಣ್ಣವಾದೀತೆ?

ಅರಿಶಿನವನ್ನು ನೀರಿನಲ್ಲಿ ಕದಡಿ ಚಿಟಿಕೆಯಷ್ಟು ಸುಣ್ಣವನ್ನು ಸೇರಿಸಿದರೆ ಹಳದಿಯ ನೀರು ಕೆಂಪಾಗುವುದನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಆರತಿಯ ತಟ್ಟೆಯ ಓಕುಳಿ ಹೀಗೆಯೇ ಸಿದ್ಧವಾಗುತ್ತದೆ. ಅದೇ ನೀರಿಗೆ ನಿಂಬೆಯ ರಸವನ್ನು ಹಿಂಡಿದರೆ ಕೆಂಪು ಮಾಯವಾಗಿ ಮತ್ತೆ ಹಳದಿ ಬರುತ್ತದೆ. ಸುಣ್ಣವು ಕ್ಷಾರ, ನಿಂಬೆಯ ರಸವು ಆಮ್ಲ. ಅರಿಶಿನವು ಇವೆರಡನ್ನೂ ಗುರುತಿಸಿ ಹೇಳಬಲ್ಲದು.

ಈಗ ಒಂದು ಪ್ರಶ್ನೆ. ಆಮ್ಲಕ್ಕೆ ಶುದ್ಧವಾದ ನೀರನ್ನು ಬೆರೆಸುತ್ತ, ಬೆರೆಸುತ್ತ ಹೋದರೆ ಅದು ಎಂದಾದರೂ ಅರಿಶಿನವನ್ನು ಕೆಂಪು ಮಾಡೀತೆ? ಅಡುಗೆಮನೆಯಲ್ಲಿ ದುಡಿಯುವ ತಾಯಿಯನ್ನು ಕೇಳಿದರೆ, "ನೀರು ಬೆರೆಸಿದರೆ ಹುಳಿ ಸಪ್ಪೆಯಾಗುತ್ತದೆ, ಸುಣ್ಣವಾಗುವುದಿಲ್ಲ" ಎಂದು ತಟ್ಟನೆ ಉತ್ತರಿಸಿಯಾಳು. ಆದರೆ ರಸಾಯನಶಾಸ್ತ್ರವನ್ನು ಓದುವ ಮಕ್ಕಳು ಲೆಕ್ಕ ಮಾಡುವಾಗ ಇದಕ್ಕೆ ವಿರುದ್ಧವಾದ ಉತ್ತರವನ್ನು ಬರೆದುಬಿಡುತ್ತಾರೆ. ಅದು ಹೇಗೆಂಬುದನ್ನು ನೋಡೋಣ.

ದ್ರಾವಣವು ಎಷ್ಟು ಆಮ್ಲೀಯವೆಂದು ಹೇಳುವುದಕ್ಕೆ ಪಿ.ಎಚ್. ಎಂಬ ಅಳತೆಯನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಎಂಬ ವಿಜ್ಞಾನಿಯು ಬಳಕೆಗೆ ತಂದನು. ಒಂದು ಲೀಟರು ದ್ರಾವಣದಲ್ಲಿ ಎಷ್ಟು ಮೋಲ್ ಹೈಡ್ರೊಜನ್ ಅಯಾನುಗಳಿವೆಯೆಂಬುದನ್ನು ಹತ್ತರ ಘಾತವಾಗಿ ಬರೆದು, ಆ ಘಾತದ ಋಣಚಿಹ್ನೆಯನ್ನು ಬಿಟ್ಟರೆ ಬರುವ ಸಂಖ್ಯೆಯೇ ಪಿ.ಎಚ್. ಹೈಡ್ರೊಕ್ಲೋರಿಕ್ ಆಮ್ಲವು ಪ್ರಬಲವಾದ ಆಮ್ಲವಾದುದರಿಂದ ನೀರಿಗೆ ಬಿದ್ದೊಡನೆ ಸಂಪೂರ್ಣವಾಗಿ ಅಯಾನುಗಳಾಗಿ ಒಡೆಯುತ್ತದೆ. ಆದಕಾರಣ ಲೀಟರಿಗೆ 10⁻² ಮೋಲ್ ಆಮ್ಲವಿದ್ದರೆ ಪಿ.ಎಚ್. 2, 10⁻³ ಇದ್ದರೆ 3, ಹತ್ತು ಪಟ್ಟು ನೀರಾಗಿಸಿದಂತೆಲ್ಲ ಒಂದೊಂದು ಹೆಚ್ಚುತ್ತದೆ. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಏಳು ಎಂಬುದು ತಟಸ್ಥವಾದ ಶುದ್ಧ ಜಲದ ಗುರುತು. ಅದಕ್ಕಿಂತ ಕಡಮೆಯಾದುದು ಆಮ್ಲ, ಹೆಚ್ಚಾದುದು ಕ್ಷಾರ.

ಹಾಗಾದರೆ ಲೀಟರಿಗೆ 10⁻⁸ ಮೋಲ್ ಆಮ್ಲವಿರುವ ದ್ರಾವಣದ ಪಿ.ಎಚ್. ಎಷ್ಟು? ತರಗತಿಯಲ್ಲಿ ಈ ಪ್ರಶ್ನೆಯನ್ನು ಹಾಕಿದಾಗಲೆಲ್ಲ ಹೆಚ್ಚಿನ ಮಕ್ಕಳು ಕ್ಷಣವೂ ತಡೆಯದೆ "ಎಂಟು" ಎಂದು ಬರೆಯುತ್ತಾರೆ. ಎಂಟು ಎಂದರೆ ಕ್ಷಾರ! ಇದೇ ದಾರಿಯಲ್ಲಿ ಇನ್ನೂ ನೀರು ಬೆರೆಸಿದರೆ ಒಂಬತ್ತು, ಹತ್ತು ಎಂದು ಉತ್ತರ ಬರುತ್ತದೆ. ಅಂಥ ದ್ರಾವಣವು ಅರಿಶಿನವನ್ನು ಕೆಂಪಾಗಿಸಬೇಕು. ಕ್ಷಾರವನ್ನು ಒಂದು ಹನಿಯೂ ಹಾಕದೆ, ಆಮ್ಲಕ್ಕೆ ಬರಿಯ ನೀರನ್ನು ಹೊಯ್ದು ಸುಣ್ಣದ ಗುಣವನ್ನು ಪಡೆದಂತಾಯಿತು. ಇದು ಆಗದ ಮಾತು. ಗಣಿತದಲ್ಲಿ ತಪ್ಪಿಲ್ಲ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಒಂದು ವಸ್ತುವನ್ನು ನಾವು ಬಿಟ್ಟಿದ್ದೇವೆ. ಆ ವಸ್ತುವು ಯಾವುದೆಂದರೆ ನೀರೇ.

ನೀರು ಎಷ್ಟೇ ಶುದ್ಧವಾಗಿದ್ದರೂ ಅದರ ಅಣುಗಳಲ್ಲಿ ಕೆಲವು ತಾವಾಗಿಯೇ ಒಡೆದು ಒಂದು ಹೈಡ್ರೊಜನ್ ಅಯಾನು, ಒಂದು ಹೈಡ್ರಾಕ್ಸಿಲ್ ಅಯಾನು ಆಗುತ್ತವೆ. 1894ರಲ್ಲಿ ಜರ್ಮನಿಯ ಕೋಲ್ರಾಷ್ ಮತ್ತು ಹೈಡ್‌ವೈಲರ್ ಎಂಬವರು ಅತ್ಯಂತ ಎಚ್ಚರದಿಂದ ಶುದ್ಧಿಗೊಳಿಸಿದ ನೀರಿನಲ್ಲಿಯೂ ಅತ್ಯಲ್ಪವಾದ ವಿದ್ಯುತ್ತು ಹರಿಯುವುದನ್ನು ಅಳೆದು ತೋರಿಸಿದರು. ವಿದ್ಯುತ್ತನ್ನು ಒಯ್ಯಲು ಅಯಾನುಗಳು ಬೇಕಷ್ಟೆ. ಬೇರೆ ಯಾವುದೂ ಇಲ್ಲದಾಗ ಅವು ನೀರಿನವೇ ಆಗಿರಬೇಕು. ಹೀಗೆ ಒಡೆದಿರುವ ಅಣುಗಳು 25 ಡಿಗ್ರಿಯಲ್ಲಿ ಸುಮಾರು 55 ಕೋಟಿಗೆ ಒಂದು ಮಾತ್ರ. ಇದರಿಂದ ಲೀಟರಿಗೆ 10⁻⁷ ಮೋಲ್ ಹೈಡ್ರೊಜನ್ ಅಯಾನುಗಳೂ ಅಷ್ಟೇ ಹೈಡ್ರಾಕ್ಸಿಲ್ ಅಯಾನುಗಳೂ ದೊರೆಯುತ್ತವೆ. ಶುದ್ಧ ಜಲದ ಪಿ.ಎಚ್. ಏಳಾಗಿರುವುದು ಇದರಿಂದಲೇ.

ಮಳೆಗಾಲದಲ್ಲಿ ಹೊಳೆ ತುಂಬಿ ಹರಿಯುವಾಗ ಅದರ ತಳದ ಒರತೆಯನ್ನು ಯಾರೂ ಲೆಕ್ಕಿಸುವುದಿಲ್ಲ. ಬೇಸಗೆಯಲ್ಲಿ ಹೊಳೆ ಬತ್ತಿದ ಮೇಲೆ ಆ ಒರತೆಯೇ ಊರಿಗೆ ಆಧಾರ. ಲೀಟರಿಗೆ 10⁻³ ಮೋಲ್ ಆಮ್ಲವಿರುವಲ್ಲಿ ನೀರು ತಾನಾಗಿ ಕೊಡುವ ಅಯಾನುಗಳನ್ನು ಬಿಟ್ಟರೆ ಏನೂ ನಷ್ಟವಿಲ್ಲ. ಆದರೆ ಆಮ್ಲವು 10⁻⁸ಕ್ಕೆ ಇಳಿದಾಗ ನೀರಿನ ಪಾಲೇ ಹತ್ತುಪಟ್ಟು ದೊಡ್ಡದು. ದೊಡ್ಡದನ್ನು ಬಿಟ್ಟು ಚಿಕ್ಕದನ್ನು ಮಾತ್ರ ಎಣಿಸಿದುದರಿಂದ ಎಂಟು ಎಂಬ ವಿಪರೀತ ಉತ್ತರ ಬಂತು.

ಇಷ್ಟನ್ನು ವಿವರಿಸಿದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಗುರುಗಳೇ, ಹಾಗಾದರೆ ಎರಡನ್ನೂ ಕೂಡಿಸಿಬಿಟ್ಟರೆ ಆಯಿತಲ್ಲವೆ?" ಎಂದಳು. ಅವಳ ಲೆಕ್ಕವನ್ನು ಸುಲಭವಾಗಿ ನೋಡುವುದಕ್ಕಾಗಿ ಲೀಟರಿಗೆ 10⁻⁷ ಮೋಲ್ ಎಂಬುದನ್ನು "ಒಂದು ಪಾಲು" ಎಂದು ಕರೆಯೋಣ. ನೀರಿನಿಂದ ಒಂದು ಪಾಲು, ಆಮ್ಲದಿಂದ 0.1 ಪಾಲು, ಒಟ್ಟು 1.1 ಪಾಲು, ಪಿ.ಎಚ್. 6.96. ಏಳಕ್ಕಿಂತ ಕಡಮೆಯಾಗಿರುವುದರಿಂದ ಉತ್ತರವು ಸರಿಯಾದ ಕಡೆಗೇ ಬಂದಿದೆ. ಆದರೂ ಇದು ಪೂರ್ಣವಾಗಿ ಸರಿಯಲ್ಲ.

ಕಾರಣವಿಷ್ಟು. ನೀರಿನಲ್ಲಿ ಅಣುಗಳು ಒಡೆಯುವುದೂ, ಒಡೆದ ಅಯಾನುಗಳು ಮರಳಿ ಕೂಡುವುದೂ ಸದಾ ನಡೆದಿರುತ್ತವೆ. ಇವೆರಡೂ ಸಮತೋಲನದಲ್ಲಿರುವಾಗ ಎರಡು ಬಗೆಯ ಅಯಾನುಗಳ ಸಾರತೆಗಳ ಗುಣಲಬ್ಧವು 25 ಡಿಗ್ರಿಯಲ್ಲಿ ಯಾವಾಗಲೂ 10⁻¹⁴ ಆಗಿರಬೇಕು. ನಮ್ಮ ಪಾಲಿನ ಲೆಕ್ಕದಲ್ಲಿ ಹೇಳುವುದಾದರೆ ಗುಣಲಬ್ಧವು 1 ಆಗಿರಬೇಕು. ಆಮ್ಲವು ಹೊರಗಿನಿಂದ ಹೈಡ್ರೊಜನ್ ಅಯಾನುಗಳನ್ನು ತಂದು ತುಂಬಿದಾಗ, ಅವುಗಳಲ್ಲಿ ಕೆಲವು ಹೈಡ್ರಾಕ್ಸಿಲ್ ಅಯಾನುಗಳೊಡನೆ ಸೇರಿ ಮತ್ತೆ ನೀರಾಗುತ್ತವೆ. ಎಂದರೆ ನೀರು ಮೊದಲು ಕೊಡುತ್ತಿದ್ದ ಒಂದು ಪಾಲನ್ನು ಈಗ ಪೂರ್ತಿಯಾಗಿ ಕೊಡುವುದಿಲ್ಲ. ವಿದ್ಯಾರ್ಥಿನಿಯ ಲೆಕ್ಕದಲ್ಲಿ ಹೈಡ್ರೊಜನ್ 1.1 ಪಾಲು, ಹೈಡ್ರಾಕ್ಸಿಲ್ 1 ಪಾಲು; ಗುಣಲಬ್ಧವು 1.1. ಅದು ಒಂದನ್ನು ಮೀರಿರುವುದೇ ತಪ್ಪಿನ ಕುರುಹು.

ಸರಿಯಾದ ಲೆಕ್ಕಕ್ಕೆ ಎರಡು ಮಾತುಗಳು ಸಾಕು. ಮೊದಲನೆಯದನ್ನು ಈಗಲೇ ಹೇಳಿದೆ: ಗುಣಲಬ್ಧವು 1. ಎರಡನೆಯದು ವಿದ್ಯುತ್ತಿನ ನಿಯಮ. ದ್ರಾವಣವು ಒಟ್ಟಿನಲ್ಲಿ ಧನವೂ ಅಲ್ಲ, ಋಣವೂ ಅಲ್ಲ. ಆದುದರಿಂದ ಅದರಲ್ಲಿರುವ ಧನ ಅಯಾನುಗಳು ಋಣ ಅಯಾನುಗಳಿಗೆ ಸಮವಾಗಿರಬೇಕು. ಧನ ಅಯಾನು ಹೈಡ್ರೊಜನ್ ಒಂದೇ. ಋಣ ಅಯಾನುಗಳು ಎರಡು: ಆಮ್ಲದಿಂದ ಬಂದ ಕ್ಲೋರೈಡ್, ನೀರಿನಿಂದ ಬಂದ ಹೈಡ್ರಾಕ್ಸಿಲ್. ಆದುದರಿಂದ

[H⁺] = [Cl⁻] + [OH⁻]

ಕ್ಲೋರೈಡ್ ಎಷ್ಟೆಂಬುದು ನಮಗೆ ತಿಳಿದೇ ಇದೆ: ನಾವು ಹಾಕಿದ ಆಮ್ಲದಷ್ಟು, ಎಂದರೆ 0.1 ಪಾಲು. ಹೈಡ್ರೊಜನ್ನನ್ನು x ಎಂದಿಟ್ಟುಕೊಂಡರೆ ಹೈಡ್ರಾಕ್ಸಿಲ್ 1/x ಆಗುತ್ತದೆ. ಹೀಗಾಗಿ

x = 0.1 + 1/x
x² − 0.1x − 1 = 0
x = (0.1 + √4.01) / 2 = (0.1 + 2.0025) / 2 = 1.051

ವರ್ಗ ಸಮೀಕರಣದ ಇನ್ನೊಂದು ಉತ್ತರವು ಋಣಸಂಖ್ಯೆಯಾಗಿರುವುದರಿಂದ ಅದನ್ನು ಬಿಡಬೇಕು; ಅಯಾನುಗಳು ಶೂನ್ಯಕ್ಕಿಂತ ಕಡಮೆ ಇರಲಾರವು. ಲಾಗರಿದಮ್ ಪಟ್ಟಿಯಲ್ಲಿ 1.051ಕ್ಕೆ 0.0216 ಎಂದಿದೆ. ಅದನ್ನು ಏಳರಿಂದ ಕಳೆದರೆ ಪಿ.ಎಚ್. 6.98. ಇದೇ ಸರಿಯಾದ ಉತ್ತರ: ಏಳಕ್ಕಿಂತ ಕೂದಲೆಳೆಯಷ್ಟು ಕೆಳಗೆ. ತಾಳೆ ನೋಡುವುದೂ ಕಷ್ಟವಲ್ಲ. ಹೈಡ್ರಾಕ್ಸಿಲ್ 0.951 ಪಾಲು; ಅದನ್ನು 1.051ರಿಂದ ಗುಣಿಸಿದರೆ ಸುಮಾರು 1 ಬರುತ್ತದೆ. ಅದಕ್ಕೆ ಕ್ಲೋರೈಡಿನ 0.1ನ್ನು ಕೂಡಿಸಿದರೆ ಹೈಡ್ರೊಜನ್ನಿನ 1.051 ಬರುತ್ತದೆ. ಎರಡು ನಿಯಮಗಳೂ ನಿಂತವು.

ನೀರನ್ನು ಲೆಕ್ಕಿಸಬೇಕಾದುದು ಯಾವಾಗ, ಬಿಡಬಹುದಾದುದು ಯಾವಾಗ? ಇದೇ ಸಮೀಕರಣದಲ್ಲಿ 0.1ರ ಬದಲು ಬೇರೆ ಪಾಲುಗಳನ್ನು ಇಟ್ಟು ನೋಡಿದರೆ ತಿಳಿಯುತ್ತದೆ. ಆಮ್ಲವು 10⁻⁶ ಮೋಲ್, ಎಂದರೆ 10 ಪಾಲು ಇದ್ದರೆ x = 10.1, ನೀರಿನ ಕಾಣಿಕೆಯು ನೂರಕ್ಕೆ ಒಂದು ಮಾತ್ರ, ಪಿ.ಎಚ್. 6 ಎಂದೇ ಬರೆಯಬಹುದು. ಆಮ್ಲವು 10⁻⁷ ಆದಾಗ x = 1.618, ಪಿ.ಎಚ್. 6.79, ಏಳು ಎಂದು ಬರೆದರೆ ತಪ್ಪಾಗುತ್ತದೆ. 10⁻⁹ ಆದಾಗ x = 1.005, ಪಿ.ಎಚ್. 6.998. ಹೀಗೆ ಆಮ್ಲವು 10⁻⁶ಕ್ಕಿಂತ ಕೆಳಗಿಳಿದಲ್ಲಿ ನೀರನ್ನು ಮರೆಯಬಾರದು. ಎಷ್ಟು ನೀರನ್ನು ಬೆರೆಸಿದರೂ ಪಿ.ಎಚ್. ಏಳರ ಹತ್ತಿರ ಹತ್ತಿರ ಬರುತ್ತದೆಯೇ ಹೊರತು ಅದನ್ನು ದಾಟುವುದಿಲ್ಲ. ಬಿಸಿಯಾದ ನೀರಿನಲ್ಲಿ ಅಣುಗಳು ಹೆಚ್ಚಾಗಿ ಒಡೆಯುವುದರಿಂದ ತಟಸ್ಥದ ಗುರುತೇ ಕೆಳಗಿಳಿಯುತ್ತದೆ. 60 ಡಿಗ್ರಿಯಲ್ಲಿ ಅದು ಸುಮಾರು 6.5. ಆದುದರಿಂದ ಲೆಕ್ಕದಲ್ಲಿ ಉಷ್ಣತೆಯನ್ನು ಹೇಳಿದ್ದರೆ ಅದನ್ನೂ ಗಮನಿಸಬೇಕು.

ಲೀಟರಿಗೆ 10⁻⁸ ಮೋಲ್ ಎಂದರೆ ಎಷ್ಟೆಂಬುದನ್ನು ಕಣ್ಣಿಗೆ ಕಟ್ಟಿಕೊಳ್ಳೋಣ. ಮೂವತ್ತು ಮೀಟರು ಉದ್ದ, ಮೂವತ್ತು ಮೀಟರು ಅಗಲ, ಮೂರು ಮೀಟರು ಆಳದ ಕಲ್ಲುಕಟ್ಟಿನ ಕೆರೆಯೊಂದಿದೆಯೆಂದೂ ಅದರ ತುಂಬ ಶುದ್ಧ ಜಲವಿದೆಯೆಂದೂ ಭಾವಿಸಿರಿ. ಅದರಲ್ಲಿ 27 ಲಕ್ಷ ಲೀಟರು ನೀರು ಹಿಡಿಯುತ್ತದೆ. ಆ ಕೆರೆಗೆಲ್ಲ ಒಂದೇ ಒಂದು ಗ್ರಾಮು ಹೈಡ್ರೊಜನ್ ಕ್ಲೋರೈಡನ್ನು ಬೆರೆಸಿದರೆ ನಮ್ಮ ಲೆಕ್ಕದ ದ್ರಾವಣವು ದೊರೆಯುತ್ತದೆ.

ಆದರೆ ಅಂಥ ಕೆರೆಯಲ್ಲಿ ಉಪಕರಣವನ್ನು ಅದ್ದಿದರೆ 6.98 ಕಾಣಲಾರದು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಆಸವಿತ ಜಲವನ್ನು ತೆರೆದ ಪಾತ್ರೆಯಲ್ಲಿಟ್ಟರೆ ಅದರ ಪಿ.ಎಚ್. ಮೆಲ್ಲಗೆ ಇಳಿದು ಸುಮಾರು 5.6ಕ್ಕೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಲೀಟರಿಗೆ ಸುಮಾರು 25 ಪಾಲು ಹೈಡ್ರೊಜನ್ ಅಯಾನುಗಳು ಗಾಳಿಯಿಂದಲೇ ಉಂಟಾಗಿರುತ್ತವೆ. ನಾವು ಹಾಕಿದ ಆಮ್ಲವು ಕೊಟ್ಟ 0.1 ಪಾಲಿಗೆ ಇದು ಇನ್ನೂರೈವತ್ತು ಪಟ್ಟು. ಗಾಳಿಯ ಸೋಂಕಿಲ್ಲದ, ಅತಿ ಶುದ್ಧವಾದ ನೀರಿಗೆ ಮಾತ್ರ ನಮ್ಮ ಉತ್ತರವು ಸಲ್ಲುತ್ತದೆ ಎಂಬುದನ್ನು ಮರೆಯಬಾರದು.

ಆದರೂ ಗಮನಿಸಿರಿ: ಗಾಳಿಯು ತಂದ ಬದಲಾವಣೆಯೂ ಆಮ್ಲದ ಕಡೆಗೇ ಹೊರತು ಕ್ಷಾರದ ಕಡೆಗಲ್ಲ. ಆ ಕೆರೆಯ ನೀರನ್ನು ಬೊಗಸೆಯಲ್ಲಿ ತಂದು ಅರಿಶಿನವನ್ನು ಕದಡಿದರೆ ಅದು ಹಳದಿಯಾಗಿಯೇ ಇರುತ್ತದೆ. ಆಮ್ಲದ ಲೆಕ್ಕದಲ್ಲಿ ಏಳನ್ನು ಮೀರಿದ ಉತ್ತರವು ಬಂದೊಡನೆ ಮಕ್ಕಳು ಲೇಖನಿಯನ್ನು ಕೆಳಗಿಟ್ಟು, ಈ ಅರಿಶಿನದ ಬಣ್ಣವನ್ನು ನೆನೆದು, ತಾವು ಬಿಟ್ಟ ನೀರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲಿ.