ಊರಿಗೆ ಕಳುಹಿಸಿದ ಹಣ, ಮಗ್ಗುಲು ಹೊರಳಿಸುವ ಕೈ

ಹೆಂಡತಿಯ ಪ್ರಾಣವನ್ನುಳಿಸುವುದಕ್ಕಾಗಿ ಗಂಡನು ಔಷಧವನ್ನು ಕದಿಯಬಹುದೆ? ಅಮೇರಿಕೆಯ ಮನಶ್ಶಾಸ್ತ್ರಜ್ಞರಾದ ಲಾರೆನ್ಸ್ ಕೋಲ್‌ಬರ್ಗರು ಮಕ್ಕಳ ನೈತಿಕ ಬುದ್ಧಿಯನ್ನು ಅಳೆಯುವುದಕ್ಕೆ ಬಳಸಿದ ಕಥೆಗಳಲ್ಲಿ ಬಹು ಪ್ರಸಿದ್ಧವಾದದ್ದು ಇದೇ. ಹೈನ್ಸ್ ಎಂಬವನ ಹೆಂಡತಿ ಕ್ಯಾನ್ಸರಿನಿಂದ ಸಾಯುವ ಸ್ಥಿತಿಯಲ್ಲಿದ್ದಾಳೆ. ಊರಿನ ಔಷಧ ವ್ಯಾಪಾರಿಯು ತನಗೆ 200 ಡಾಲರು ತಗಲಿದ ಮದ್ದಿಗೆ 2000 ಡಾಲರು ಕೇಳುತ್ತಾನೆ. ಹೈನ್ಸನು ಕಂಡಕಂಡವರಲ್ಲಿ ಸಾಲ ಬೇಡಿ ಕೂಡಿಸಿದ್ದು 1000 ಡಾಲರು ಮಾತ್ರ. ಉಳಿದದ್ದನ್ನು ಆಮೇಲೆ ಕೊಡುತ್ತೇನೆಂದರೂ ವ್ಯಾಪಾರಿ ಒಪ್ಪುವುದಿಲ್ಲ. ಈಗ ಅವನು ಅಂಗಡಿಗೆ ಕನ್ನ ಹಾಕಬೇಕೇ, ಬೇಡವೇ?

ಕೋಲ್‌ಬರ್ಗರ ಸಹೋದ್ಯೋಗಿಯಾಗಿದ್ದ ಕ್ಯಾರಲ್ ಗಿಲ್ಲಿಗನ್ ಎಂಬ ವಿದುಷಿಯು 1982ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಹನ್ನೊಂದು ವರ್ಷದ ಇಬ್ಬರು ಮಕ್ಕಳು ಇದಕ್ಕಿತ್ತ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾರೆ. ಜೇಕ್ ಎಂಬ ಹುಡುಗನಿಗೆ ಇದೊಂದು ಲೆಕ್ಕ. ಪ್ರಾಣವು ಹಣಕ್ಕಿಂತ ದೊಡ್ಡದು, ಆದುದರಿಂದ ಕದಿಯಬೇಕು ಎಂದು ಅವನು ತಡವರಿಸದೆ ಹೇಳುತ್ತಾನೆ. ಏಮಿ ಎಂಬ ಹುಡುಗಿಯಾದರೋ ಕದಿಯಲೂ ಬಾರದು, ಹೆಂಡತಿಯು ಸಾಯಲೂ ಬಾರದು ಎನ್ನುತ್ತಾಳೆ. ಗಂಡನು ಜೈಲಿಗೆ ಹೋದ ಮೇಲೆ ಅವಳ ರೋಗ ಮರುಕಳಿಸಿದರೆ ಮದ್ದು ತರುವವರು ಯಾರು? ವ್ಯಾಪಾರಿಯ ಎದುರು ಕುಳಿತು ಇನ್ನೊಮ್ಮೆ ಮಾತನಾಡಬಾರದೆ? ಸಾಲಕ್ಕೆ ಬೇರೆ ದಾರಿ ಇಲ್ಲವೆ? ಪರೀಕ್ಷಕರು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಷ್ಟೂ ಆಕೆಯ ಧೈರ್ಯ ಕುಗ್ಗುತ್ತದೆ. ಕೋಲ್‌ಬರ್ಗರ ಆರು ಮೆಟ್ಟಿಲುಗಳ ಏಣಿಯಲ್ಲಿ ಏಮಿಗೆ ಜೇಕನಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನ ದೊರೆಯಿತು.

ಆ ಏಣಿಯನ್ನು ಕಟ್ಟಿದ್ದು 84 ಮಂದಿ ಹುಡುಗರನ್ನು ಕೇಳಿ. ಅವರಲ್ಲಿ ಹುಡುಗಿ ಒಬ್ಬಳೂ ಇರಲಿಲ್ಲ ಎಂಬುದನ್ನು ಗಿಲ್ಲಿಗನ್ ಎತ್ತಿ ತೋರಿಸಿದರು. ಹೆಂಗಸರ ನೀತಿಯೇ ಬೇರೆ, ಗಂಡಸರ ನೀತಿಯೇ ಬೇರೆ ಎಂದು ಕೆಲವರು ಇದರಿಂದ ತೀರ್ಮಾನಿಸಿದ್ದುಂಟು. ಬಳಿಕ ನಡೆದ ಪರೀಕ್ಷೆಗಳಲ್ಲಿ ಅಂತಹ ದೊಡ್ಡ ಭೇದವೇನೂ ಕಂಡುಬರಲಿಲ್ಲ. ಹೀಗಿದ್ದರೂ ಗಿಲ್ಲಿಗನ್ನರ ಮುಖ್ಯ ಮಾತು ಉಳಿದುಕೊಂಡಿತು. ಏಮಿಯು ಲೆಕ್ಕದಲ್ಲಿ ತಪ್ಪಿದವಳಲ್ಲ. ಅವಳು ಬೇರೊಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಳು. ಯಾವ ನಿಯಮ ದೊಡ್ಡದು ಎಂಬುದು ಜೇಕನ ಪ್ರಶ್ನೆಯಾದರೆ, ಇವರಲ್ಲಿ ಯಾರಿಗೆ ಏನು ಬೇಕಾಗಿದೆ, ಅದನ್ನು ಯಾರು ಹೇಗೆ ಒದಗಿಸಿಯಾರು ಎಂಬುದು ಅವಳ ಪ್ರಶ್ನೆ. ಈ ಎರಡನೆಯ ಬಗೆಯ ವಿಚಾರಕ್ಕೆ ವಿದ್ವಾಂಸರು ಆರೈಕೆಯ ನೀತಿ ಎಂದು ಹೆಸರಿಟ್ಟಿದ್ದಾರೆ.

ಇದು ಕೇವಲ ಪ್ರೊಫೆಸರರ ಚರ್ಚೆಯೆಂದು ಭಾವಿಸಬೇಕಾಗಿಲ್ಲ. ಮುಂಬಯಿ, ಪುಣೆಗಳಲ್ಲಿ ದುಡಿಯುತ್ತ ಊರಿನಲ್ಲಿ ವೃದ್ಧ ತಾಯಿತಂದೆಗಳನ್ನು ಬಿಟ್ಟಿರುವ ಮನೆಮನೆಯಲ್ಲಿಯೂ ಇದೇ ಪ್ರಶ್ನೆ ಬೇರೆ ರೂಪದಿಂದ ಎದುರಾಗುತ್ತದೆ. ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಕುಂದಾಪುರದ ಕಡೆಯ ಒಂದು ಹಳ್ಳಿ. ಎಪ್ಪತ್ತೈದು ದಾಟಿದ ವಿಧವೆ ತಾಯಿ. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲುಗಳು ಸ್ವಾಧೀನದಲ್ಲಿಲ್ಲ. ಹಿರಿಯ ಮಗ ಮುಂಬಯಿಯ ಒಂದು ಹೋಟೆಲಿನ ಗಲ್ಲದ ಮೇಲೆ ಕೂರುವವನು. ನಡುವಿನವನು ಪುಣೆಯಲ್ಲಿ ಗುಮಾಸ್ತ. ಕಿರಿಯವನು ಊರಿನಲ್ಲಿ ಗದ್ದೆ ನೋಡಿಕೊಂಡಿದ್ದಾನೆ. ಮಗಳೊಬ್ಬಳು ಉಡುಪಿಯಲ್ಲಿದ್ದಾಳೆ, ಕೊಟ್ಟ ಹೆಣ್ಣೆಂದು ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮೂವರು ಗಂಡುಮಕ್ಕಳೂ ಕೂಡಿ, ತಾಯಿಯು ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು ಇರತಕ್ಕದ್ದೆಂದು ಸರದಿ ಗೊತ್ತುಮಾಡುತ್ತಾರೆ.

ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು. ನ್ಯಾಯದಲ್ಲಿ ತಪ್ಪು ಹುಡುಕುವಂತಿಲ್ಲ. ಮಕ್ಕಳ ಮಟ್ಟಿಗೆ ಇದು ಸಮಪಾಲೇ ಸರಿ. ಆದರೆ ಪಾಲಾದದ್ದು ಹೊಲವೋ ಪಾತ್ರೆಯೋ ಅಲ್ಲವಷ್ಟೆ! ನಾಲ್ಕು ತಿಂಗಳಿಗೊಮ್ಮೆ ಆ ದೇಹವನ್ನು ಎತ್ತಿ ರೈಲಿಗೆ ಏರಿಸಬೇಕು. ಮುಂಬಯಿಯ ಚಾಳಿನಲ್ಲಿ ಶೌಚಕ್ಕೆ ಮೊಗಸಾಲೆಯ ಕೊನೆಯವರೆಗೆ ಸಾಗಬೇಕು. ನೆರೆಯವರು ಮಾತನಾಡಿಸಿದರೆ ಮರಾಠಿ. ಆಕೆಗೆ ಬರುವುದು ಕುಂದಾಪುರದ ಕನ್ನಡವೊಂದೇ. ಊರಿನ ವೈದ್ಯರು ಹೇಳಿಕೊಟ್ಟ ಕೈಕಾಲಿನ ವ್ಯಾಯಾಮ ಎರಡನೆಯ ಮನೆಯಲ್ಲಿ ನಿಂತುಹೋಗುತ್ತದೆ. ಎರಡನೆಯ ಮನೆಯಲ್ಲಿ ಬದಲಾದ ಮಾತ್ರೆಯ ಸಂಗತಿ ಮೂರನೆಯ ಮನೆಗೆ ತಿಳಿಯುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಇಂತಹ ರೋಗಿಯ ಆರೈಕೆಯು ಬಹುಮಟ್ಟಿಗೆ ಆ ಒಂದು ದೇಹದ ಪರಿಚಯವನ್ನೇ ಅವಲಂಬಿಸಿರುತ್ತದೆ. ಪಾರ್ಶ್ವವಾಯು ಆದವರಲ್ಲಿ ಅನೇಕರಿಗೆ ನುಂಗುವ ಶಕ್ತಿ ಕುಂದಿರುತ್ತದೆ. ಗಟ್ಟಿ ಗಂಜಿ ಇಳಿದೀತು. ತಿಳಿನೀರೇ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುವುದುಂಟು. ಕುಡಿಸಿದೊಡನೆ ಕೆಮ್ಮು ಬಂದರೆ, ಅಥವಾ ಗಂಟಲಲ್ಲಿ ನೀರು ನಿಂತಂತೆ ಸ್ವರ ಗೊರಗೊರ ಎಂದರೆ, ಅದೇ ಲಕ್ಷಣ. ಅದನ್ನು ಅಲಕ್ಷಿಸಿದರೆ ಮುಂದೆ ನ್ಯುಮೋನಿಯದ ಭಯ. ಇಂತಹವರನ್ನು ನೆಟ್ಟಗೆ ಕೂರಿಸಿ ಉಣಿಸಬೇಕು, ಉಂಡ ಮೇಲೆಯೂ ಅರ್ಧ ಗಂಟೆ ಹಾಗೆಯೇ ಕೂರಿಸಿರಬೇಕು. ಹೊರಳಲಾರದವರನ್ನು ಸುಮಾರು ಎರಡು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ, ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲವಾದರೆ ಸೊಂಟದ ಕೆಳಗಿನ ಎಲುಬಿನ ಮೇಲೂ ಹಿಮ್ಮಡಿಗಳಲ್ಲಿಯೂ ಹಾಸಿಗೆಹುಣ್ಣು ಏಳುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಕ್ಷಣಕಾಲ ಬಿಳಿಚಿ ಮತ್ತೆ ಕೆಂಪಾದರೆ ಚಿಂತೆ ಕಡಿಮೆ. ಬಿಳಿಚದೆ ಹಾಗೆಯೇ ಉಳಿದರೆ ಹುಣ್ಣಿನ ಆರಂಭವೆಂದು ತಿಳಿಯಬೇಕು. ನಮ್ಮವರ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭವಾಗಿ ಕಾಣದು. ಆದುದರಿಂದ ಅಂಗೈಯಿಂದ ಮುಟ್ಟಿ, ಆ ಜಾಗ ಸುತ್ತಲಿಗಿಂತ ಬಿಸಿಯೇ ಗಟ್ಟಿಯೇ ಎಂದು ನೋಡಬೇಕಾಗುತ್ತದೆ.

ಈ ತಿಳಿವಳಿಕೆ ದಿನದಿನವೂ ಮುಟ್ಟುವ ಕೈಗೆ ಬರುವಂತಹುದು. ಸರದಿಯ ಪಟ್ಟಿಯಲ್ಲಿ ಅದನ್ನು ಬರೆದಿಡಲಾಗದು. ನಾಲ್ಕನೆಯ ತಿಂಗಳ ಕೊನೆಗೆ ತಾಯಿಯನ್ನು ಒಪ್ಪಿಸಿಕೊಂಡ ಮನೆಯವರು ಬೆನ್ನಿನ ಹುಣ್ಣನ್ನು ಕಂಡು, ಇದು ನಮ್ಮ ಕಾಲದ್ದಲ್ಲ ಎನ್ನುತ್ತಾರೆ. ಒಪ್ಪಿಸಿದವರು, ಹೊರಡುವಾಗ ಇರಲಿಲ್ಲ, ರೈಲಿನಲ್ಲಾದದ್ದು ಎನ್ನುತ್ತಾರೆ. ಮೂವರೂ ತಮ್ಮ ತಮ್ಮ ಪಾಲನ್ನು ಸಲ್ಲಿಸಿದವರೇ. ಹುಣ್ಣು ಮಾತ್ರ ಯಾರ ಪಾಲಿಗೂ ಸೇರಿದ್ದಲ್ಲ!

ಬೆರೆನೀಸ್ ಫಿಶರ್ ಮತ್ತು ಜೋನ್ ಟ್ರಾಂಟೊ ಎಂಬ ಇಬ್ಬರು ವಿದುಷಿಯರು 1990ರಲ್ಲಿ ಆರೈಕೆಯನ್ನು ನಾಲ್ಕು ಹಂತಗಳಾಗಿ ಬಿಡಿಸಿ ತೋರಿಸಿದ್ದು ಇಲ್ಲಿ ಬಹಳ ಉಪಯುಕ್ತ. ಅಗತ್ಯವಿದೆಯೆಂದು ಗಮನಿಸುವುದು ಮೊದಲನೆಯದು. ಅದರ ಹೊಣೆ ಹೊರುವುದು ಎರಡನೆಯದು. ಸ್ವತಃ ಕೈಯಿಂದ ಆ ಕೆಲಸವನ್ನು ಮಾಡುವುದು ಮೂರನೆಯದು. ಆರೈಕೆ ಪಡೆದವರಿಗೆ ಅದು ಹಿತವಾಯಿತೇ ಎಂದು ಅವರಿಂದಲೇ ಅರಿಯುವುದು ನಾಲ್ಕನೆಯದು. ಹಣ ಒದಗಿಸುವುದು ಇವುಗಳಲ್ಲಿ ಎಲ್ಲಿ ಸೇರುತ್ತದೆ? ಅದು ಎರಡನೆಯ ಹಂತ, ಮೂರನೆಯದಲ್ಲ ಎಂದು 1993ರ ತಮ್ಮ ಗ್ರಂಥದಲ್ಲಿ ಟ್ರಾಂಟೊ ಸ್ಪಷ್ಟವಾಗಿ ಬರೆದಿದ್ದಾರೆ. ಹಣವು ತಾನಾಗಿ ಯಾರಿಗೂ ಉಣಿಸುವುದಿಲ್ಲ. ಯಾರೋ ಒಬ್ಬರ ದುಡಿಮೆಯಿಂದ ಅದು ಊಟವಾಗಿ, ಸ್ನಾನವಾಗಿ ಮಾರ್ಪಡಬೇಕು. ಊರಿಗೆ ಹಣ ಕಳುಹಿಸುವವನನ್ನು ಹೀಯಾಳಿಸುವ ಮಾತಲ್ಲ ಇದು. ಬೆಳಗಿನ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ನಿಂತು ದುಡಿದು ಉಳಿಸಿದ ಹಣವದು. ಆದರೆ ಹಣ ತಲಪಿತೇ ಎಂದು ವಿಚಾರಿಸುವುದಕ್ಕೂ ತಾಯಿಯ ಬೆನ್ನು ಹೇಗಿದೆ ಎಂದು ವಿಚಾರಿಸುವುದಕ್ಕೂ ಒಂದು ಹಂತದ ಅಂತರವಿದೆ.

ನಮ್ಮ ದೇಶದ ಶಾಸನವೂ ಈ ಎರಡನೆಯ ಹಂತದಲ್ಲೇ ನಿಂತಿದೆ. ತಾಯಿತಂದೆಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಬಗ್ಗೆ 2007ರಲ್ಲಿ ಆದ ಕಾನೂನಿನಂತೆ, ನಿರ್ಲಕ್ಷಿತರಾದ ವೃದ್ಧರು ನ್ಯಾಯಮಂಡಲಿಗೆ ಅರ್ಜಿ ಕೊಟ್ಟು ಮಾಸಾಶನ ಪಡೆಯಬಹುದು. ಮೂಲ ಶಾಸನವು ಅದಕ್ಕೆ ವಿಧಿಸಿದ ಮಿತಿ ತಿಂಗಳಿಗೆ 10,000 ರೂಪಾಯಿ. ಮಕ್ಕಳು ಎಂಬುದಕ್ಕೆ ಅಲ್ಲಿ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ವಿವರಣೆ ಕೊಟ್ಟಿದೆ. ಕೊಟ್ಟ ಹೆಣ್ಣೆಂದು ಸೋದರರು ಬಿಟ್ಟ ಮಗಳು ಕಾನೂನಿನ ಕಣ್ಣಿಗೆ ಬಿದ್ದಿದ್ದಾಳೆ. ನಡುರಾತ್ರಿ ಎದ್ದು ಅತ್ತೆಯ ಮಗ್ಗುಲು ಹೊರಳಿಸುವ ಸೊಸೆಯ ಹೆಸರು ಆ ವಿವರಣೆಯಲ್ಲಿ ಇಲ್ಲ. ಹಾಗೆಂದು ಕಾನೂನು ನಿಷ್ಪ್ರಯೋಜಕವಲ್ಲ. ಮಕ್ಕಳು ಕೈಬಿಟ್ಟಲ್ಲಿ ವೃದ್ಧರಿಗೆ ಹಿಡಿಯಲು ಉಳಿಯುವ ಆಸರೆಗಳಲ್ಲಿ ಅದೂ ಒಂದು. ಆರೈಕೆಯ ನೀತಿಯೇ ಎಲ್ಲೆಡೆ ಸಾಕೆಂದರೆ ಅಪಾಯವೂ ಉಂಟು: ಗಲ್ಲದ ಮೇಲೆ ಕುಳಿತವನು ತನ್ನ ಅಕ್ಕನ ಮಗನಿಗೆ ಮಾತ್ರ ಕೆಲಸ ಕೊಟ್ಟಾನು, ಪಡಿತರದ ಸಾಲಿನಲ್ಲಿ ಪರಿಚಿತನಿಗೆ ಮೊದಲು ಅಕ್ಕಿ ಅಳೆದಾರು. ಅಪರಿಚಿತರ ನಡುವೆ ನಿಯಮವೇ ಬೇಕು.

ನಮ್ಮ ಕುಟುಂಬಕ್ಕೆ ಮರಳೋಣ. ಸರದಿಯನ್ನು ಬದಿಗಿಟ್ಟು ನಾಲ್ಕು ಹಂತಗಳಿಂದ ಹೊರಟರೆ ಮೊದಲು ಕೇಳಬೇಕಾದದ್ದು ತಾಯಿಯನ್ನೇ. ಆಕೆಗೆ ಊರಿನ ಮನೆಯೇ ಬೇಕು. ಅಲ್ಲಿ ಜಗಲಿಯ ಮಾತು ಕಿವಿಗೆ ಬೀಳುತ್ತದೆ, ಹೋಗಿಬರುವವರು ಹೆಸರು ಹಿಡಿದು ಮಾತನಾಡಿಸುತ್ತಾರೆ. ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಮುಂಬಯಿ, ಪುಣೆಗಳ ಮಕ್ಕಳು ನಿಟ್ಟುಸಿರುಬಿಟ್ಟರೆ ಹೊಸದೊಂದು ಅನ್ಯಾಯಕ್ಕೆ ಆರಂಭವಾಯಿತು. ಇಡಿಯ ಮೂರನೆಯ ಹಂತ ಕಿರಿಯ ಸೊಸೆಯ ತಲೆಯ ಮೇಲೆ ಬಂತು. ಎರಡು ಗಂಟೆಗೊಮ್ಮೆ ಎಂದರೆ ಅವಳಿಗೆ ನೆಟ್ಟಗೆ ನಿದ್ರೆಯೇ ಇಲ್ಲ. ತವರಿಗೆ ಹೋಗಿ ವರ್ಷವಾಯಿತು. ಪ್ರೀತಿಯಿಂದ ಮಾಡುವಳೆಂದು ಹೊಗಳುತ್ತ ಅವಳಿಂದ ಎಷ್ಟನ್ನಾದರೂ ಮಾಡಿಸಿಕೊಳ್ಳಬಹುದೆಂಬುದೇ ಆರೈಕೆಯ ನೀತಿಯ ಮೇಲೆ ಸ್ತ್ರೀಪಕ್ಷದವರೇ ಹೊರಿಸಿದ ದೊಡ್ಡ ಆಕ್ಷೇಪ. ತೀವ್ರ ಬುದ್ಧಿಮಾಂದ್ಯವುಳ್ಳ ಮಗಳನ್ನು ಸಾಕಿದ ಈವಾ ಕಿಟ್ಟೆ ಎಂಬ ತತ್ತ್ವಜ್ಞೆಯು 1999ರ ತಮ್ಮ ಗ್ರಂಥದಲ್ಲಿ ಇದನ್ನು ಎತ್ತಿಕೊಂಡು, ಆರೈಕೆ ಮಾಡುವವರನ್ನು ಆರೈಕೆ ಮಾಡುವುದು ಇತರರ ಮೇಲಿರುವ ಋಣವೆಂದು ವಾದಿಸಿದ್ದಾರೆ. ಸಮಪಾಲಿನ ಮಾತು ಇಲ್ಲಿ ಮತ್ತೆ ಒಳಬರಬೇಕು. ಆದರೆ ಈಗ ಹಂಚಬೇಕಾದದ್ದು ತಾಯಿಯನ್ನಲ್ಲ, ಕೆಲಸವನ್ನು.

ಅದು ಹೀಗಾಗಬಹುದು. ಹಿರಿಯವನೂ ನಡುವಿನವನೂ ಸೇರಿ ರಾತ್ರಿಯ ಪಾಳಿಗೆ ಒಬ್ಬ ಹೆಂಗಸನ್ನು ಸಂಬಳಕ್ಕೆ ಗೊತ್ತುಮಾಡುತ್ತಾರೆ. ಹಿರಿಯವನ ವರ್ಷದ ರಜೆಯ ಮೂರು ವಾರವನ್ನು ಮದುವೆ ಮುಂಜಿಗಳಿಗೆ ಹಂಚದೆ ಒಟ್ಟಿಗೆ ತೆಗೆದು, ಆತನೂ ಅವನ ಹೆಂಡತಿಯೂ ಊರಿಗೆ ಬರುತ್ತಾರೆ. ಮೊದಲ ನಾಲ್ಕು ದಿನ ಕಿರಿಯ ಸೊಸೆಯ ಪಕ್ಕದಲ್ಲಿ ನಿಂತು, ಎತ್ತುವುದು, ಒರೆಸುವುದು, ಉಣಿಸುವುದನ್ನು ಕಲಿತುಕೊಂಡು, ಆಮೇಲೆ ಅವಳನ್ನು ತವರಿಗೆ ಕಳುಹಿಸುತ್ತಾರೆ. ಉಡುಪಿಯ ಮಗಳು ಭಾನುವಾರಗಳಂದು ಬಂದು ಮಾತ್ರೆಗಳ ಪಟ್ಟಿಯನ್ನು ನೋಡಿಕೊಳ್ಳುತ್ತಾಳೆ. ಗಲ್ಲದ ಮೇಲೆ ಕೂತು ರೂಢಿಯಾದವನಿಗೆ ತಾಯಿಯ ಮೈ ಒರೆಸುವುದರಲ್ಲಿ ಸಂಕೋಚ. ತಾಯಿಗೆ ಅದಕ್ಕಿಂತ ಹೆಚ್ಚಿನ ಸಂಕೋಚ. ಆದುದರಿಂದ ಹಗಲಿನ ಸ್ನಾನ ಹಿರಿಯ ಸೊಸೆಯ ಪಾಲಿಗೆ, ಇರುಳಿನ ಮಗ್ಗುಲು ಬದಲಿಸುವುದು ಮಗನ ಪಾಲಿಗೆ.

ನಾಲ್ಕನೆಯ ಹಂತವು ಸುಲಭವಾಗಿ ಮುಗಿಯುವುದಿಲ್ಲ. ಸಂಬಳದ ಹೆಂಗಸು ಬಂದ ಮೂರನೆಯ ರಾತ್ರಿ, ಅವಳು ನನ್ನನ್ನು ಮುಟ್ಟುವುದು ಬೇಡ ಎಂದು ತಾಯಿ ಹಟ ಹಿಡಿಯಬಹುದು. ಹಣ ಕೊಟ್ಟಾಗಿದೆ, ಸುಮ್ಮನಿರು ಎಂದು ಹೇಳುವುದು ಒಂದು ದಾರಿ. ಆ ಹೆಂಗಸನ್ನು ಹಗಲಿಗೆ ಬದಲಾಯಿಸಿ, ಹಟ್ಟಿಯ ಕೆಲಸ, ಅಡಿಗೆಮನೆಯ ಕೆಲಸಗಳನ್ನು ಅವಳಿಗೆ ವಹಿಸಿ, ಕಿರಿಯ ಸೊಸೆಗೆ ಮಧ್ಯಾಹ್ನ ಮೂರು ಗಂಟೆ ಬಾಗಿಲು ಮುಚ್ಚಿಕೊಂಡು ಮಲಗಲು ಬಿಡುವು ಮಾಡಿ, ಇರುಳಿನ ಎರಡು ಸರದಿಗಳನ್ನು ಅವಳ ಗಂಡನೇ ಎದ್ದು ನಡೆಸುವುದು ಇನ್ನೊಂದು. ಗದ್ದೆಯ ಕೆಲಸದಿಂದ ದಣಿದವನು ಇದಕ್ಕೆ ಒಪ್ಪಿಯಾನೇ ಎಂಬುದನ್ನು ಆ ಮನೆಯವರೇ ಕುಳಿತು ಮಾತನಾಡಿಕೊಳ್ಳಬೇಕು.